ಸ್ಕ್ಯಾನಿಂಗ್ ಇಲ್ಲದ ಊರಿನ ಚಿಕಿತ್ಸಾ ಸೂತ್ರ

ಇಪ್ಪತ್ತರ ಹುಡುಗನಿಗೆ ಯಾರೋ ಬೈಯುತ್ತಿರುವ ದನಿ ಕೇಳಿಸತೊಡಗಿದೆ. ಮನೆಯವರ ಮೇಲೂ ಅನುಮಾನ. ಇದು ಮೊದಲ ಸಲ ಕಾಣಿಸಿಕೊಂಡ ಸೈಕೋಸಿಸ್ ಇರಬಹುದು. ಶ್ರೀಮಂತ ದೇಶಗಳ ಮಾರ್ಗಸೂಚಿಗಳು ವಿಶೇಷ ತಂಡವನ್ನೇ ಕೇಳುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ವೈದ್ಯರಿದ್ದರೆ?

ಇಂಥಲ್ಲಿ ನೆರವಾಗುವುದು ಡೆಲ್ಫಿ ವಿಧಾನ. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ರೂಪುಗೊಂಡದ್ದು. ತಜ್ಞರು ಒಂದೊಂದು ಹೇಳಿಕೆಗೂ, ಹೆಸರು ಗುಟ್ಟಾಗಿಟ್ಟು, 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಗುಟ್ಟೇ ಇದರ ಜೀವ. ಇಲ್ಲದಿದ್ದರೆ ಹಿರಿಯ ಪ್ರಾಧ್ಯಾಪಕರ ಮಾತಿಗೆ ಎಲ್ಲರೂ ತಲೆಯಾಡಿಸುವ ಅಪಾಯವಿದೆ.

‘ಪ್ರತಿ ರೋಗಿಗೂ ಮೆದುಳಿನ ಎಂಆರ್‌ಐ ಆಗಬೇಕು’ ಎಂಬ ಹೇಳಿಕೆ ಬಂತೆನ್ನಿ. ನಗರದ ತಜ್ಞರು 8 ಕೊಡುತ್ತಾರೆ, ತಾಲ್ಲೂಕಿನ ವೈದ್ಯರು 2. ಸರಾಸರಿ ತೆಗೆದು 5 ಎಂದರೆ ಆ ಅಂಕಿ ಯಾರ ಅಭಿಪ್ರಾಯವೂ ಅಲ್ಲ. ಅದಕ್ಕೇ ಅಂಕಗಳ ಹರವನ್ನೂ ಕಾರಣಗಳನ್ನೂ ಎಲ್ಲರಿಗೂ ತೋರಿಸಿ, ಹೇಳಿಕೆಯನ್ನು ತಿದ್ದುತ್ತಾರೆ: ಔಷಧ ಶುರುಮಾಡುವ ಮುನ್ನ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ನೋಡಿ, ಫಿಟ್ಸ್, ತಲೆಗೆ ಪೆಟ್ಟು, ಜ್ವರದ ಜೊತೆ ಗೊಂದಲ ಇದ್ದರೆ ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಿ. ಎರಡನೇ ಸುತ್ತಿನಲ್ಲಿ ಹೆಚ್ಚಿನವರು 7ರ ಮೇಲೆ ಕೊಟ್ಟರೆ ಅದು ಉಳಿಯುತ್ತದೆ. ಎಷ್ಟು ಮಂದಿ ಒಪ್ಪಿದರೆ ‘ಒಮ್ಮತ’ ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು.

ಒಮ್ಮತ ಪುರಾವೆಯಲ್ಲ. ಒಂದೇ ಕಾಲೇಜಿನಲ್ಲಿ ಕಲಿತವರೇ ತುಂಬಿದ್ದರೆ ತಪ್ಪೂ ಒಮ್ಮತದಿಂದಲೇ ಗೆಲ್ಲುತ್ತದೆ. ನರ್ಸ್, ಆಶಾ ಕಾರ್ಯಕರ್ತೆ, ಮಗನಿಗೆ ದಿನಾ ಮಾತ್ರೆ ಕೊಡುವ ತಾಯಿ ಇಲ್ಲದ ಪಟ್ಟಿಯನ್ನು ನಾನಂತೂ ಅರ್ಧವೇ ನಂಬುತ್ತೇನೆ.