ಹತ್ತು ಶೀರ್ಷಿಕೆಗಳು ಬಿಟ್ಟ ಜಾಗ

ಇಪ್ಪತ್ತನೆಯ ಶತಮಾನದ ಆರಂಭ. ಅಮೆರಿಕದ ಬಿಯರ್ ಕಂಪನಿಗಳೆಲ್ಲ ಜಾಹೀರಾತಿನಲ್ಲಿ ಕೂಗುತ್ತಿದ್ದದ್ದು ಒಂದೇ ಮಾತು: ‘ಶುದ್ಧ’. ಒಬ್ಬರು ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಮತ್ತೊಬ್ಬರು ಇನ್ನೂ ದಪ್ಪವಾಗಿ ಹಾಕುತ್ತಿದ್ದರು. ಮಿಲ್‌ವಾಕಿಯ ಶ್ಲಿಟ್ಜ್ ಕಂಪನಿಗೆ ಜಾಹೀರಾತು ಬರೆಯಲು ಬಂದ ಕ್ಲಾಡ್ ಹಾಪ್ಕಿನ್ಸ್ ಇದನ್ನು ಗಮನಿಸಿ, ಬಿಯರ್ ತಯಾರಾಗುವ ಜಾಗವನ್ನೇ ನೋಡಲು ಹೋದರು. ಶೋಧಿಸಿದ ಗಾಳಿ ತುಂಬಿದ ಗಾಜಿನ ಕೋಣೆಗಳು, ನಾಲ್ಕು ಸಾವಿರ ಅಡಿ ಆಳದಿಂದ ಎತ್ತುವ ನೀರು, ಮತ್ತೆ ಮತ್ತೆ ತೊಳೆಯುವ ಬಾಟಲಿಗಳು ಅಲ್ಲಿ ಕಂಡವು. ‘ಇದನ್ನೇಕೆ ಹೇಳುವುದಿಲ್ಲ?’ ಎಂದು ಕೇಳಿದರು. ಬಿಯರ್ ಮಾಡುವವರೆಲ್ಲ ಮಾಡುವುದೇ ಹೀಗೆ ಎಂಬ ಉತ್ತರ ಬಂತು. ಎಲ್ಲರೂ ಮಾಡುತ್ತಿದ್ದರೂ ಯಾರೂ ಹೇಳಿರಲಿಲ್ಲ. ಹಾಪ್ಕಿನ್ಸ್ ಹೇಳಿದರು. ಐದನೆಯ ಸ್ಥಾನದಲ್ಲಿದ್ದ ಶ್ಲಿಟ್ಜ್ ಕೆಲವೇ ತಿಂಗಳಲ್ಲಿ ಮೊದಲ ಸ್ಥಾನಕ್ಕೆ ಸಮೀಪಿಸಿತೆಂದು 1927ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅವರು ಬರೆದುಕೊಂಡಿದ್ದಾರೆ.

ಎದುರಾಳಿಗಳ ಮಾತನ್ನೆಲ್ಲ ಒಂದೆಡೆ ಹರಡಿಕೊಂಡು ಅವರು ಬಿಟ್ಟಿದ್ದನ್ನು ಹುಡುಕುವ ಈ ಅಭ್ಯಾಸ ಗೂಗಲ್ ಯುಗದಲ್ಲಿ ಸುಲಭವಾಗಬೇಕಿತ್ತು. ಒಂದು ಪ್ರಶ್ನೆ ಟೈಪ್ ಮಾಡಿದರೆ ಸಾಕು, ಸುಮಾರು ಹತ್ತು ಎದುರಾಳಿಗಳ ಶೀರ್ಷಿಕೆಗಳು ಸಾಲಾಗಿ ನಿಲ್ಲುತ್ತವೆ. ಆದರೆ ಅವುಗಳನ್ನು ಓದುವ ಪದ್ಧತಿ ಬೆಳೆಯಲು ವರ್ಷಗಳೇ ಹಿಡಿದವು. ಮೊದಲು ಬೆಳೆದದ್ದು ಎಣಿಸುವ ಪದ್ಧತಿ.

2006ರಲ್ಲಿ ಶುರುವಾದ ಡಿಮ್ಯಾಂಡ್ ಮೀಡಿಯಾ ಎಂಬ ಅಮೆರಿಕನ್ ಕಂಪನಿ ಎಣಿಕೆಯನ್ನೇ ಕಾರ್ಖಾನೆಯಾಗಿಸಿತು. ಜನ ಏನನ್ನು ಹುಡುಕುತ್ತಿದ್ದಾರೆ, ಆ ಪದಕ್ಕೆ ಜಾಹೀರಾತುದಾರರು ಎಷ್ಟು ಕೊಡುತ್ತಾರೆ, ಅದೇ ವಿಷಯದ ಮೇಲೆ ಈಗಾಗಲೇ ಎಷ್ಟು ಪುಟಗಳಿವೆ ಎಂದು ಲೆಕ್ಕ ಹಾಕುತ್ತಿದ್ದ ಪ್ರೋಗ್ರಾಂ ಪದಗಳ ಜೋಡಿಗಳನ್ನು ಉಗುಳುತ್ತಿತ್ತು. ಕೆಲವೇ ಸೆಂಟುಗಳ ಸಂಭಾವನೆಗೆ ಕೆಲವರು ಆ ಜೋಡಿಗಳನ್ನು ಓದಬಲ್ಲ ಶೀರ್ಷಿಕೆಯಾಗಿ ತಿದ್ದುತ್ತಿದ್ದರು. ಇನ್ನು ಕೆಲವರು ಸುಮಾರು 15 ಡಾಲರ್‌ಗೆ ಲೇಖನ ಬರೆದುಕೊಡುತ್ತಿದ್ದರು. ಎದುರಾಳಿಗಳು ಎಷ್ಟು ಮಂದಿ ಎಂಬುದು ಯಂತ್ರಕ್ಕೆ ಗೊತ್ತಿತ್ತು, ಅವರು ಏನು ಹೇಳಿದ್ದಾರೆ ಎಂಬುದು ಗೊತ್ತಿರಲಿಲ್ಲ. 2011ರ ಜನವರಿಯಲ್ಲಿ ಕಂಪನಿ ಷೇರುಪೇಟೆಗೆ ಬಂತು. ಮರುತಿಂಗಳೇ ಗೂಗಲ್ ತೆಳು ಬರಹಗಳನ್ನು ಕೆಳಗಿಳಿಸುವ ‘ಪಾಂಡಾ’ ಬದಲಾವಣೆಯನ್ನು ತಂದಿತು.

ಅದೇ ಫೆಬ್ರವರಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಹಬ್ಬವಾದ ಸೂಪರ್ ಬೌಲ್ ಟೆಕ್ಸಾಸ್‌ನಲ್ಲಿತ್ತು. ಕ್ರೀಡಾ ಪುಟಗಳೆಲ್ಲ ತಂಡ, ತಾರೆ, ತಂತ್ರಗಳ ಬಗ್ಗೆ ಬರೆಯುತ್ತಿದ್ದಾಗ ಹಫಿಂಗ್ಟನ್ ಪೋಸ್ಟ್ ‘ಸೂಪರ್ ಬೌಲ್ ಎಷ್ಟು ಗಂಟೆಗೆ ಶುರು?’ ಎಂಬ ಪುಟ್ಟ ಲೇಖನ ಹಾಕಿತು. ಆಟದ ಬಗ್ಗೆ ಏನೂ ಗೊತ್ತಿಲ್ಲದೆ, ಗೆಳೆಯರ ಮನೆಗೆ ಊಟಕ್ಕೆ ಹೊರಟವರ ಪ್ರಶ್ನೆಯದು. ಲೇಖನ ಬಲು ಪ್ರಸಿದ್ಧವಾಯಿತು, ಪತ್ರಕರ್ತರಿಂದ ಬೈಸಿಕೊಂಡಿತು ಕೂಡ. ಮುಂದಿನ ವರ್ಷಗಳಲ್ಲಿ ಸುದ್ದಿಸಂಸ್ಥೆಗಳೆಲ್ಲ ಅದೇ ಶೀರ್ಷಿಕೆ ಹಾಕತೊಡಗಿದವು, ಕೊನೆಗೆ ಗೂಗಲ್ ತಾನೇ ಮೇಲುಗಡೆ ಸಮಯವನ್ನು ತೋರಿಸಿಬಿಟ್ಟಿತು. ಒಂದೇ ಸಾಲಿನಲ್ಲಿ ಉತ್ತರ ಮುಗಿಯುವ ಶೀರ್ಷಿಕೆಗೆ ಆಯಸ್ಸು ಕಡಿಮೆ ಎಂಬುದು ಆಗ ಸ್ಪಷ್ಟವಾಯಿತು.

2013ರಲ್ಲಿ ಬ್ರಯಾನ್ ಡೀನ್ ಎಂಬ ಮಾರುಕಟ್ಟೆ ತಜ್ಞ ‘ಗಗನಚುಂಬಿ ತಂತ್ರ’ವನ್ನು ಮುಂದಿಟ್ಟರು. ಒಂದು ವಿಷಯದ ಮೇಲೆ ಬೇರೆಯವರು ಅತಿ ಹೆಚ್ಚು ಕೊಂಡಿ ಕೊಟ್ಟಿರುವ ಲೇಖನ ಯಾವುದೆಂದು ಹುಡುಕಿ, ಅದಕ್ಕಿಂತ ಉತ್ತಮವಾದದ್ದನ್ನು ಬರೆದು, ಅದೇ ಜನರಿಗೆ ತಲುಪಿಸಿ ಎಂಬುದು ಅದರ ಸಾರ. ಅನುಕರಿಸಿದವರ ಕೈಯಲ್ಲಿ ‘ಉತ್ತಮ’ ಎಂಬುದು ‘ಉದ್ದ’ವಾಯಿತು. ಹತ್ತು ಸಲಹೆಗಳಿದ್ದ ಕಡೆ ಇಪ್ಪತ್ತೈದು, ಇಪ್ಪತ್ತೈದಿದ್ದ ಕಡೆ ನೂರಾ ಒಂದು. ಮೊದಲ ಪುಟವೆಲ್ಲ ಒಂದೇ ಮಾತಿನ ಬೇರೆ ಬೇರೆ ಅಂಕಿಗಳಿಂದ ತುಂಬಿತು. ‘ಶುದ್ಧ’ ಎಂಬ ಪದವನ್ನು ದಪ್ಪ ಮಾಡುತ್ತಾ ಹೋದ ಬಿಯರ್ ಕಂಪನಿಗಳ ಕಥೆಯೇ ಇದು. ಈ ಏಕತಾನತೆಯೇ ಮೊದಲ ಪುಟವನ್ನು ಎಣಿಸದೆ ಓದಲು ಬರಹಗಾರರನ್ನು ದೂಡಿತು.

ಓದುವುದೆಂದರೆ ಹೇಗೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಬ್ಬಿಣದ ದೋಸೆ ಕಾವಲಿ ಪಳಗಿಸುವ ಬಗ್ಗೆ ಒಬ್ಬರು ಬರೆಯಬೇಕಿದೆ. ತಮ್ಮ ಹಳೆಯ ಹುಡುಕಾಟಗಳು ಫಲಿತಾಂಶವನ್ನು ವಾಲಿಸದಂತೆ ಇನ್‌ಕಾಗ್ನಿಟೋ ಕಿಟಕಿ ತೆರೆದು ಪ್ರಶ್ನೆ ಹಾಕುತ್ತಾರೆ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಮ್ಮೆ. ನಮ್ಮವರು ಎರಡು ರೀತಿಯಲ್ಲೂ ಹುಡುಕುತ್ತಾರೆ, ಸಿಗುವ ಪುಟಗಳೂ ಬೇರೆ. ಜಾಹೀರಾತುಗಳನ್ನು ಬಿಟ್ಟು ಶೀರ್ಷಿಕೆಗಳನ್ನು ಕಾಗದಕ್ಕಿಳಿಸುತ್ತಾರೆ. ‘ಸುಲಭ’, ‘ಅತ್ಯುತ್ತಮ’, ‘5 ಹಂತ’, ಇಸವಿ, ಇವನ್ನೆಲ್ಲ ಹೊಡೆದುಹಾಕುತ್ತಾರೆ. ಉಳಿದ ಪ್ರತಿ ಸಾಲಿನ ಎದುರು ಎರಡೇ ಪ್ರಶ್ನೆ: ಇದು ಯಾರೊಂದಿಗೆ ಮಾತಾಡುತ್ತಿದೆ? ಅವರು ಕೆಲಸದ ಯಾವ ಘಟ್ಟದಲ್ಲಿದ್ದಾರೆ?

ಹತ್ತೂ ಶೀರ್ಷಿಕೆಗಳು ಹೊಸ ಕಾವಲಿಯನ್ನು ಈಗಷ್ಟೇ ಮನೆಗೆ ತಂದವರೊಂದಿಗೆ ಮಾತಾಡುತ್ತಿವೆ ಎಂದಿಟ್ಟುಕೊಳ್ಳಿ. ಇನ್ನು ಫಲಿತಾಂಶ ಪುಟದ ಉಳಿದ ಭಾಗಗಳಿಗೆ ಇಳಿಯಬೇಕು. ‘ಜನ ಇದನ್ನೂ ಕೇಳುತ್ತಾರೆ’ ಎಂಬ ಪೆಟ್ಟಿಗೆ, ತಳದಲ್ಲಿರುವ ಸಂಬಂಧಿತ ಹುಡುಕಾಟಗಳು, ವಿಡಿಯೊಗಳ ಕೆಳಗೆ ಗೃಹಿಣಿಯರು ಕೇಳಿದ ಪ್ರಶ್ನೆಗಳು: ‘ಹೇಳಿದ ಹಾಗೇ ಮಾಡಿದೆ, ಕಾವಲಿ ಅಂಟಂಟಾಗಿದೆ, ಏನು ಮಾಡಲಿ?’ ಎಂಬ ಧಾಟಿಯ ಮಾತು ಅಲ್ಲಿ ಮತ್ತೆ ಮತ್ತೆ ಬಂದರೆ ಬಿಟ್ಟುಹೋದ ಜಾಗ ಸಿಕ್ಕಿತೆಂದೇ ಅರ್ಥ. ಹತ್ತರಲ್ಲಿ ಯಾವುದೋ ಒಂದು ಲೇಖನದ ಹದಿನಾಲ್ಕನೇ ಪ್ಯಾರಾದಲ್ಲಿ ಇದಕ್ಕೆ ಉತ್ತರವೂ ಇರಬಹುದು. ಒಳಗೆ ಇದ್ದು ಹೊರಗೆ ಹೇಳದ ಇಂಥ ಸಂಗತಿಯೇ ಹೆಚ್ಚು ಬೆಲೆಯದು.

ಆ ಉತ್ತರದ ಹಿಂದಿನ ಕಾರಣವೂ ಗಟ್ಟಿಯಾಗಿರಬೇಕು. ಕಾಯಿಸಿದಾಗ ಎಣ್ಣೆಯ ತೆಳು ಲೇಪ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕೂರುತ್ತದೆ. ದಪ್ಪಗೆ ಸವರಿದರೆ ಅಥವಾ ಕಾವು ಸಾಲದಿದ್ದರೆ ಪೂರ್ತಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಸವರಿದ ಎಣ್ಣೆಯನ್ನು ಒಣಬಟ್ಟೆಯಿಂದ ಹೆಚ್ಚೂಕಡಿಮೆ ಪೂರ್ತಿ ಒರೆಸಿ, ಹೊಗೆಯಾಡಿ ನಿಲ್ಲುವವರೆಗೆ ಕಾಯಿಸುವುದೇ ಪರಿಹಾರ. ಆಗ ಶೀರ್ಷಿಕೆ ತಾನಾಗಿ ಬರುತ್ತದೆ: ‘ಪಳಗಿಸಿದ ಕಾವಲಿ ಅಂಟುತ್ತಿದೆಯೇ? ಎಣ್ಣೆ ಹೆಚ್ಚಾಗಿದೆ’.

ಖಾಲಿ ಕಂಡಿದ್ದೆಲ್ಲ ಬಿಟ್ಟುಹೋದ ಜಾಗವಲ್ಲ. ‘ದೋಸೆ ಕಾವಲಿಯ ಇತಿಹಾಸ’ ಆ ಹತ್ತರಲ್ಲಿ ಇಲ್ಲದಿರುವುದಕ್ಕೆ ಕಾರಣ, ಒಲೆಯ ಮುಂದೆ ನಿಂತು ಹುಡುಕುವವರಿಗೆ ಅದು ಬೇಡ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಯಾರೂ ಬರೆಯದ್ದನ್ನು ಕಂಡು ಹಿಗ್ಗುತ್ತಾರೆ, ಯಾರಾದರೂ ಕೇಳಿದ್ದಾರೆಯೇ ಎಂದು ನೋಡುವುದಿಲ್ಲ. ಮೊದಲ ಪುಟದಲ್ಲಿ ಬರೀ ಅಂಗಡಿಗಳೇ ಇದ್ದರೆ ಜನ ಬಂದಿರುವುದು ಕೊಳ್ಳಲು. ಅಲ್ಲಿ ಎಂಥ ಕೋನದ ಲೇಖನಕ್ಕೂ ಜಾಗ ಸಿಗುವುದು ಕಷ್ಟ.

ಬರೆದ ಶೀರ್ಷಿಕೆಯೇ ಓದುಗರಿಗೆ ಕಾಣುತ್ತದೆಂಬ ಖಾತರಿಯೂ ಇಲ್ಲ. 2021ರ ಆಗಸ್ಟ್‌ನಲ್ಲಿ ಗೂಗಲ್ ಶೀರ್ಷಿಕೆ ತೋರಿಸುವ ಕ್ರಮ ಬದಲಿಸಿದಾಗ ದೊಡ್ಡ ಗದ್ದಲವಾಯಿತು. ಪುಟದ ಕೋಡ್‌ನಲ್ಲಿ ಕೊಟ್ಟ ಶೀರ್ಷಿಕೆಯನ್ನು ಸುಮಾರು 87 ಪ್ರತಿಶತ ಸಂದರ್ಭಗಳಲ್ಲಿ ಬಳಸುತ್ತಿದ್ದೇವೆ ಎಂದು ಮರುತಿಂಗಳು ಕಂಪನಿ ಹೇಳಿತು. ಉಳಿದ ಸಂದರ್ಭಗಳಲ್ಲಿ ಹೆಚ್ಚಾಗಿ ಪುಟದೊಳಗಿನ ತಲೆಬರಹವನ್ನು ಎತ್ತಿಕೊಳ್ಳುತ್ತದೆ. ಹಾಗಾಗಿ ಅನುಭವಿಗಳು ‘ಅಂಟುವ ಕಾವಲಿ’ಯನ್ನು ಒಳಗಿನ ತಲೆಬರಹದಲ್ಲೂ ಮೊದಲ ಸಾಲಿನಲ್ಲೂ ಇಡುತ್ತಾರೆ.

ಕೆಲವು ವಾರಗಳ ನಂತರ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪುಟ ಯಾವ ಪ್ರಶ್ನೆಗೆ ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು ಎಂಬುದು ಸಿಗುತ್ತದೆ. ‘ಹೊಸ ಕಾವಲಿ’ಗೆ ನೂರಾರು ಸಲ ಕಂಡರೂ ಯಾರೂ ಒತ್ತದಿದ್ದರೆ ಗೂಗಲ್ ಅದನ್ನು ಬೇರೆ ಗುಂಪಿನ ಮುಂದೆ ಇಟ್ಟಿದೆ. ‘ಅಂಟು’, ‘ಜಿಗುಟು’ ಎಂದು ಟೈಪ್ ಮಾಡಿದ ಕೆಲವೇ ಜನರಲ್ಲಿ ಹೆಚ್ಚಿನವರು ಒತ್ತಿ ಒಳಗೆ ಬಂದಿದ್ದರೆ, ಆ ಶೀರ್ಷಿಕೆಯನ್ನು ಇನ್ನು ತಿದ್ದುವ ಅಗತ್ಯವಿಲ್ಲ.