ರಕ್ತ ಬರಲ್ಲ ಅಂದ್ರೆ ವಸಡು ಚೆನ್ನಾಗಿದೆ ಅಂತಲ್ಲ

ನಮ್ಮ ಗುಂಪಿನ ಇಬ್ಬರು ರೂಮ್‌ಮೇಟ್‌ಗಳ ಕಥೆಯಿಂದಲೇ ಶುರು ಮಾಡ್ತೀವಿ. ಒಬ್ಬ ಸಿಗರೇಟ್ ಮುಟ್ಟದವನು. ಬ್ರಷ್ ಮಾಡುವಾಗ ಎರಡು ವಾರದಿಂದ ರಕ್ತ ಬರ್ತಿದೆ ಅಂತ ಹೆದರಿ ಹಲ್ಲಿನ ಡಾಕ್ಟರ್ ಹತ್ತಿರ ಹೊರಟ. ಇನ್ನೊಬ್ಬ ಮೂರು ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು ಸೇದುವವನು, ರೂಮಲ್ಲಿದ್ದಾಗ ವೇಪ್. "ನಂದು ನೋಡು ಮಗಾ, ಒಂದು ಹನಿ ರಕ್ತ ಬರಲ್ಲ" ಅಂತ ನಗ್ತಾ ಜೊತೆಗೆ ಬಂದ. ನಾವೂ ಹೋದೆವು.

ಡಾಕ್ಟರ್ ಇಬ್ಬರ ವಸಡನ್ನೂ ಅಳೆದರು. ಅಳೆಯೋದಕ್ಕೆ ಪ್ರೋಬ್ ಅನ್ನೋ ಸಣ್ಣ ಕಡ್ಡಿ ಇದೆ, ಅದರ ಮೇಲೆ ಮಿಲಿಮೀಟರ್ ಗುರುತು ಇರುತ್ತೆ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಅದನ್ನು ಮೆಲ್ಲಗೆ ಇಳಿಸಿ, ಪ್ರತಿ ಹಲ್ಲಿನ ಸುತ್ತ ಆರು ಕಡೆ ಆಳ ನೋಡ್ತಾರೆ. ಆರೋಗ್ಯವಾಗಿದ್ದರೆ 1ರಿಂದ 3 ಮಿ.ಮೀ. ಇರುತ್ತೆ. ರಕ್ತ ಬರ್ತಿದ್ದವನಿಗೆ ಎಲ್ಲೂ 3 ದಾಟಿರಲಿಲ್ಲ. ಅವನದು ಮೇಲುಮೇಲಿನ ಊತ, ಕ್ಲೀನಿಂಗ್ ಮಾಡಿಸಿ ಸರಿಯಾಗಿ ಬ್ರಷ್ ಮಾಡಿದರೆ ವಾಸಿಯಾಗುವಂಥದ್ದು. ನಗ್ತಿದ್ದವನ ಮೇಲಿನ ದವಡೆ ಹಲ್ಲುಗಳಲ್ಲಿ 6 ಬಂತು. ಎಕ್ಸ್‌ರೇ ತೆಗೆದಾಗ ಹಲ್ಲನ್ನು ಹಿಡಿದಿರುವ ಮೂಳೆಯೂ ಸವೆದಿರೋದು ಕಾಣಿಸಿತು. ಆದರೂ ರಕ್ತ ಬಂದಿದ್ದು ಮಾತ್ರ ಅತ್ಯಲ್ಪ.

ಇದು ಹೇಗೆ? ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದಾಗ, ಅದರ ಬ್ಯಾಕ್ಟೀರಿಯಾ ಜೊತೆ ಹೋರಾಡೋಕೆ ದೇಹ ಅಲ್ಲಿಗೆ ಹೆಚ್ಚು ರಕ್ತ ಕಳಿಸುತ್ತೆ, ಹೊಸ ಸಣ್ಣ ರಕ್ತನಾಳಗಳೂ ಹುಟ್ಟುತ್ತವೆ. ಅದಕ್ಕೇ ವಸಡು ಕೆಂಪಾಗಿ ಊದಿ, ಬ್ರಷ್ ತಾಗಿದರೆ ರಕ್ತ ಬರೋದು. ಅದು ಎಚ್ಚರಿಕೆಯ ಗಂಟೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ವರ್ಷಗಟ್ಟಲೆ ಸೇದಿದವರ ವಸಡಿನಲ್ಲಿ ಹೊಸ ನಾಳಗಳು ಹುಟ್ಟೋದೂ ಕಡಿಮೆ. ಹಾಗಾಗಿ ಒಳಗೆ ಮೂಳೆ ಕರಗ್ತಿದ್ದರೂ ಹೊರಗೆ ವಸಡು ತಿಳಿಬಣ್ಣದಲ್ಲಿ ಗಟ್ಟಿಯಾಗಿ ಕಾಣುತ್ತೆ. ಬೆಂಕಿ ಆರಿಲ್ಲ, ಅಲಾರಂನ ವೈರ್ ಕಿತ್ತಿದೆ, ಅಷ್ಟೇ.

ವೇಪ್‌ನಲ್ಲಿ ಹೊಗೆಯ ಟಾರ್ ಇಲ್ಲ ನಿಜ, ಆದರೆ ನಿಕೋಟಿನ್ ಇದ್ದರೆ ರಕ್ತನಾಳಕ್ಕೆ ಅದು ಅದೇ ನಿಕೋಟಿನ್. ಜೊತೆಗೆ ಅದರ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಬಾಯಿ ಒಣಗಿಸುತ್ತೆ, ಒಣಬಾಯಲ್ಲಿ ಪಾಚಿ ಬೇಗ ಕಟ್ಟುತ್ತೆ. ಸಿಗರೇಟಿನ ಬಗ್ಗೆ ಇರುವಷ್ಟು ದೀರ್ಘಕಾಲದ ಅಧ್ಯಯನ ವೇಪ್ ಬಗ್ಗೆ ಇನ್ನೂ ಆಗಿಲ್ಲ. ಅದನ್ನೇ 'ಸೇಫ್' ಅಂತ ಓದಿಕೊಳ್ಳಬಾರದು.

ನಮ್ಮ ಗೆಳೆಯನಿಗೆ ವಸಡಿನ ಕೆಳಗೆ ಬೇರಿನ ತನಕ ಕ್ಲೀನಿಂಗ್ ಆಯ್ತು. ಎರಡು ತಿಂಗಳ ನಂತರ ಅಳೆದಾಗ 6 ಇದ್ದದ್ದು 5ಕ್ಕೆ ಬಂದಿತ್ತು. ಡಾಕ್ಟರ್ 4 ಆಗಬಹುದು ಅಂದುಕೊಂಡಿದ್ದರು. ಅವನು ಆ ಎರಡು ತಿಂಗಳೂ ಸೇದ್ತಾನೇ ಇದ್ದ. ಗಾಯ ಮಾಯಲು ರಕ್ತ, ಆಮ್ಲಜನಕ ಮತ್ತು ಹೊಸ ಅಂಗಾಂಶ ಕಟ್ಟುವ ಕೋಶಗಳು ಬೇಕು. ನಿಕೋಟಿನ್ ಆ ಕೋಶಗಳ ಕೆಲಸ ನಿಧಾನ ಮಾಡುತ್ತೆ. ಸಿಗರೇಟ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗ ಹಿಡಿಯುತ್ತೆ. ಚಿಕಿತ್ಸೆ ಒಂದೇ, ಫಲ ಕಡಿಮೆ.

ಬುದ್ಧಿಹಲ್ಲು ಕೀಳಿಸಿದಾಗ ಇದು ಇನ್ನೂ ಬೇಗ ಗೊತ್ತಾಗುತ್ತೆ. ಹಲ್ಲು ಇದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಗೆ ಮುಚ್ಚಳ ಆಗಬೇಕು. ಆ ಹೆಪ್ಪು ಕಳಚಿಹೋದರೆ ಮೂಳೆ ಬಯಲಾಗಿ, ಎರಡು ಮೂರು ದಿನಕ್ಕೆ ಕಿವಿತನಕ ಸೆಳೆಯುವ ನೋವು ಶುರುವಾಗುತ್ತೆ. ಇದಕ್ಕೆ ಡ್ರೈ ಸಾಕೆಟ್ ಅಂತಾರೆ. ಸೇದುವವರಲ್ಲಿ ಇದು ಹೆಚ್ಚು. ಕೀಳಿಸಿದ ಮೇಲೆ ಕನಿಷ್ಠ ಮೂರು ದಿನ ಸಿಗರೇಟೂ ಬೇಡ, ವೇಪೂ ಬೇಡ. ಇನ್ನೂ ಹೆಚ್ಚು ದಿನ ಬಿಟ್ಟಷ್ಟೂ ಒಳ್ಳೇದು.

ಕೊನೆಗೆ ನಮ್ಮವನು ಬಿಟ್ಟ. ಒಂದು ತಿಂಗಳಿಗೆ ಬ್ರಷ್ ಮೇಲೆ ರಕ್ತ! "ಬಿಟ್ಟಿದ್ದಕ್ಕೇ ಹಾಳಾಯ್ತು ಕಣ್ರೋ" ಅಂತ ಮತ್ತೆ ಪ್ಯಾಕ್ ತರೋಕೆ ಹೊರಟಿದ್ದ, ನಾವು ತಡೆದು ಡಾಕ್ಟರ್ ಹತ್ತಿರ ಕರ್ಕೊಂಡು ಹೋದೆವು. "ರೋಗ ಹೊಸದಲ್ಲಪ್ಪ, ಇಷ್ಟು ದಿನ ಮುಚ್ಚಿತ್ತು. ಈಗ ರಕ್ತಸಂಚಾರ ವಾಪಸ್ ಬರ್ತಿದೆ, ಇರೋದು ಕಾಣಿಸ್ತಿದೆ" ಅಂದರು ಅವರು. ಮತ್ತೊಮ್ಮೆ ಕ್ಲೀನಿಂಗ್ ಆಯ್ತು, ರಕ್ತ ನಿಂತಿತು. ಕಳೆದ ಸಲ ಆ 5, 4 ಆಗಿತ್ತು. ಸವೆದ ಮೂಳೆ ಮಾತ್ರ ಹಾಗೇ ಇದೆ.

ಸೇದುವವರು ರಕ್ತ ಬರಲಿ ಅಂತ ಕಾಯಬೇಡಿ. ವಸಡು ಕೆಳಗಿಳಿದು ಹಲ್ಲು ಉದ್ದ ಕಾಣೋದು, ಹೊಸ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳೋದು, ಬ್ರಷ್ ಮಾಡಿದರೂ ಹೋಗದ ವಾಸನೆ, ಹಲ್ಲು ಅಲ್ಲಾಡೋದು, ಇವನ್ನು ನೋಡಿ. ಇವ್ಯಾವೂ ಇಲ್ಲದಿದ್ದರೂ ಡಾಕ್ಟರಿಗೆ "ಪ್ರೋಬ್ ಹಾಕಿ ಅಳೆದು ನಂಬರ್ ಹೇಳಿ" ಅನ್ನಿ. ದಿನಕ್ಕೆ ಎಷ್ಟು ಅಂತ ಕೇಳಿದರೆ ನಿಜ ಹೇಳಿ, ವೇಪ್ ಕೂಡ. ನಮ್ಮಲ್ಲಿ ಇ-ಸಿಗರೇಟ್ ಮಾರಾಟ 2019ರಿಂದ ನಿಷೇಧ ಅಂತ ಹಲವರು ಮುಚ್ಚಿಡ್ತಾರೆ. ಅವರು ಕೇಳೋದು ಕೇಸ್ ಹಾಕೋಕಲ್ಲ, ನಿಮ್ಮ ಗಾಯ ಎಷ್ಟು ದಿನಕ್ಕೆ ಮಾಯುತ್ತೆ ಅಂತ ಲೆಕ್ಕ ಹಾಕೋಕೆ.