ಶಾಲೆ ಬಿಡಿಸುವ ಮುನ್ನ ಕೈಗೆ ಬರಬೇಕಾದ ಕಾಗದಗಳು

ಮಗುವನ್ನು ಶಾಲೆಯಿಂದ ಬಿಡಿಸಿ ಮುಕ್ತ ಶಾಲೆಗೆ ಸೇರಿಸಬೇಕೆಂದು ಹೊರಟವರು ಮೊದಲು ಕೇಳುವುದು ಟಿಸಿಯನ್ನು. ತಮಾಷೆಯೆಂದರೆ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಹೆಸರು ನೋಂದಾಯಿಸಲು ಅದು ಅಷ್ಟೇನೂ ಮುಖ್ಯವಲ್ಲ. ಅವರಿಗೆ ಬೇಕಾದದ್ದು ಜನ್ಮ ದಿನಾಂಕದ ದಾಖಲೆ, ಗುರುತಿನ ಮತ್ತು ವಿಳಾಸದ ಪುರಾವೆ, ಫೋಟೊ, ಸಹಿ. ಎಂಟನೇ ತರಗತಿ ಪಾಸಾದ ಪತ್ರವಿದ್ದರೆ ಕೊಡಬಹುದು. ಇಲ್ಲದಿದ್ದರೆ ‘ನನಗೆ ಓದಲು ಬರೆಯಲು ಬರುತ್ತದೆ’ ಎಂದು ಸ್ವಯಂ ಘೋಷಣೆ ಬರೆದುಕೊಟ್ಟರೂ ನಡೆಯುತ್ತದೆ.

ಹಾಗಾದರೆ ಶಾಲೆಯ ಕಾಗದಗಳ ಗೊಡವೆ ಏಕೆ? ಅವನ್ನು ಕೇಳುವವರು ಈಗಲ್ಲ, ಮುಂದೆ ಬರುತ್ತಾರೆ. ಪಿಯು ಕಾಲೇಜಿನವರು, ಸಿಇಟಿ ದಾಖಲೆ ಪರಿಶೀಲನೆಯ ಮೇಜಿನವರು, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗ ಮೀಸಲಾತಿ ಪತ್ರ ನೋಡುವವರು. ಅಷ್ಟು ಹೊತ್ತಿಗೆ ಶಾಲೆಯ ಮುಖ್ಯ ಶಿಕ್ಷಕರು ಬದಲಾಗಿರುತ್ತಾರೆ. ಖಾಸಗಿ ಶಾಲೆಯಾದರೆ ಮುಚ್ಚಿಹೋಗಿದ್ದರೂ ಆಶ್ಚರ್ಯವಿಲ್ಲ. ಬಿಡಿಸುವ ದಿನವೇ ಎಲ್ಲವನ್ನೂ ತೆಗೆದುಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ತರಗತಿಯಿಂದ ಓದಿದ ಹುಡುಗಿ. ಹುಟ್ಟಿದ್ದು 2011ರ ಆಗಸ್ಟ್‌ನಲ್ಲಿ. 2025ರ ಮಾರ್ಚ್‌ಗೆ ಎಂಟನೇ ತರಗತಿ ಮುಗಿಯಿತು. ಅಕ್ಷರಗಳು ಅದಲುಬದಲಾಗುವ ಡಿಸ್ಲೆಕ್ಸಿಯ ತೊಂದರೆ ಅವಳಿಗಿದೆ. ವರ್ಷಕ್ಕೆ ಆರು ವಿಷಯಗಳನ್ನು ಒಟ್ಟಿಗೆ ಹೊರುವುದು ಕಷ್ಟವಾಗುತ್ತಿದೆ ಎಂದು ಮನೆಯವರು ಮುಕ್ತ ಶಾಲೆಯ ಕಡೆ ನೋಡಿದ್ದಾರೆ. ಅಲ್ಲಿ ಹತ್ತನೇ ತರಗತಿಗೆ ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಐದನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ನೋಂದಣಿ ಐದು ವರ್ಷ ಊರ್ಜಿತ, ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ. ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ.

ಇಲ್ಲಿ ಮೊದಲ ತೊಡಕು ವಯಸ್ಸು. ಹತ್ತನೇ ತರಗತಿ ಸೇರಲು ಎನ್‌ಐಒಎಸ್‌ನಲ್ಲಿ 14 ತುಂಬಿರಬೇಕು. ಪ್ರವೇಶದ ಮೊದಲ ಅವಧಿಗೆ ವಯಸ್ಸನ್ನು ಲೆಕ್ಕ ಹಾಕುವುದು ಜುಲೈ 31ಕ್ಕೆ, ಎರಡನೆಯದಕ್ಕೆ ಜನವರಿ 31ಕ್ಕೆ. ಈ ಹುಡುಗಿಗೆ 2025ರ ಜುಲೈ 31ಕ್ಕೆ 14 ತುಂಬಲು ಇನ್ನೂ ಕೆಲವು ದಿನ ಬಾಕಿ. ಮೊದಲ ಅವಧಿ ತಪ್ಪಿತು. ಎರಡನೇ ಅವಧಿಯಲ್ಲಿ ಸೇರಿದರೆ ಅವಳು ಮೊದಲ ಸಲ ಪರೀಕ್ಷೆಗೆ ಕೂರುವುದು 2026ರ ಅಕ್ಟೋಬರ್–ನವೆಂಬರ್‌ನಲ್ಲಿ. ಅಷ್ಟರಲ್ಲಿ ನಡುವೆ ಐದಾರು ತಿಂಗಳು ಅವಳ ಹೆಸರು ಎಲ್ಲೂ ಇರುವುದಿಲ್ಲ.

ಆ ಐದಾರು ತಿಂಗಳಿಗೆಂದು ಒಂಬತ್ತನೇ ತರಗತಿಗೆ ಸೇರಿಸಿ, ನಡುವೆ ಬಿಡಿಸೋಣ ಎಂದು ಅನೇಕರಿಗೆ ಅನ್ನಿಸುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ವರ್ಷದ ಮಧ್ಯೆ ಬಿಟ್ಟರೆ ಟಿಸಿಯಲ್ಲಿ ‘9ನೇ ತರಗತಿಯಲ್ಲಿ ಓದುತ್ತಿದ್ದಾಗ’ ಎಂದು ಬರುತ್ತದೆ, ಪೂರ್ತಿ ವರ್ಷದ ಫೀಸಿನ ತಕರಾರು ಹುಟ್ಟುತ್ತದೆ, ಮತ್ತು ಆ ಅರ್ಧ ವರ್ಷ ವ್ಯಾಸಂಗದ ಲೆಕ್ಕಕ್ಕೂ ಬರುವುದಿಲ್ಲ. ಮೇ ತಿಂಗಳಲ್ಲೇ ತೆಗೆದರೆ ‘8ನೇ ತರಗತಿ ಪಾಸಾಗಿ 9ಕ್ಕೆ ಅರ್ಹ’ ಎಂಬ ಸ್ವಚ್ಛವಾದ ಟಿಸಿ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಎಂಟು ತರಗತಿಗಳನ್ನು ಅವಳು ಮುಗಿಸಿದ್ದಾಳೆ ಎಂಬುದೂ ಕಾಗದದ ಮೇಲೆ ನಿಲ್ಲುತ್ತದೆ.

ಇನ್ನು ಮುಖ್ಯ ಶಿಕ್ಷಕರಿಗೆ ಬರೆಯುವ ಪತ್ರ. ಬಾಯಿಮಾತಿನಲ್ಲಿ ಕೇಳಿ ‘ನಾಳೆ ಬನ್ನಿ’ ಎನ್ನಿಸಿಕೊಳ್ಳುವುದಕ್ಕಿಂತ ಮೊದಲೇ ಬರೆದು ಕೊಡಬೇಕು. ಹೆಚ್ಚು ಬೇಡ, ಇಷ್ಟು ಸಾಕು:

‘ಮಾನ್ಯ ಮುಖ್ಯ ಶಿಕ್ಷಕರಿಗೆ, ನನ್ನ ಮಗಳು (ಹೆಸರು, ದಾಖಲಾತಿ ಸಂಖ್ಯೆ, ಸ್ಯಾಟ್ಸ್ ಸಂಖ್ಯೆ) ತಮ್ಮ ಶಾಲೆಯಲ್ಲಿ 2024–25ನೇ ಸಾಲಿನಲ್ಲಿ 8ನೇ ತರಗತಿ ಪೂರ್ಣಗೊಳಿಸಿರುತ್ತಾಳೆ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 10ನೇ ತರಗತಿ ಪರೀಕ್ಷೆಗೆ ನೋಂದಾಯಿಸಲು ಉದ್ದೇಶಿಸಿದ್ದೇವೆ. ಆದ್ದರಿಂದ ವರ್ಗಾವಣೆ ಪ್ರಮಾಣ ಪತ್ರ, 1ರಿಂದ 8ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣ ಪತ್ರ ಮತ್ತು 8ನೇ ತರಗತಿಯ ಅಂಕಪಟ್ಟಿಯನ್ನು ನೀಡಬೇಕಾಗಿ ಕೋರುತ್ತೇನೆ.’

ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಮುದ್ರೆ, ದಿನಾಂಕ ಮತ್ತು ಸಹಿಯೊಂದಿಗೆ ಸ್ವೀಕೃತಿ ಪಡೆಯಿರಿ. ಮುದ್ರೆ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬಹುದು. ಕೆಲವರು ‘ಯಾವ ಶಾಲೆಗೆ’ ಎಂಬ ಪ್ರಶ್ನೆಗೆ ಹೆದರಿ ಪಕ್ಕದ ಯಾವುದೋ ಶಾಲೆಯ ಹೆಸರು ಹೇಳಿಬಿಡುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ಕರ್ನಾಟಕದ ಪ್ರತಿ ಮಗುವಿನ ಹೆಸರೂ ಸ್ಯಾಟ್ಸ್ ತಂತ್ರಾಂಶದಲ್ಲಿದೆ. ಹೇಳಿದ ಶಾಲೆಯಲ್ಲಿ ಮಗು ಕಾಣಿಸದಿದ್ದರೆ ಶಾಲೆ ಬಿಟ್ಟ ಮಕ್ಕಳ ಪಟ್ಟಿಗೆ ಸೇರುತ್ತದೆ, ಸಿಆರ್‌ಪಿ ಮನೆಬಾಗಿಲಿಗೆ ಬರುತ್ತಾರೆ. ಆಗ ನಿಮ್ಮ ಕೈಯಲ್ಲಿರುವ ಪತ್ರ ಒಂದು ಹೇಳುತ್ತದೆ, ನೀವು ಇನ್ನೊಂದು ಹೇಳಬೇಕಾಗುತ್ತದೆ.

ಪತ್ರದಲ್ಲಿ ಕೇಳಿದ ಮೂರರಲ್ಲಿ ಜನ ಹೆಚ್ಚಾಗಿ ಬಿಡುವುದು ವ್ಯಾಸಂಗ ಪ್ರಮಾಣ ಪತ್ರವನ್ನು. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಟಿಸಿ ಹೇಳುವುದು ಮಗು ಎಲ್ಲಿಗೆ ನಿಂತಿತು ಎಂದು. ವ್ಯಾಸಂಗ ಪ್ರಮಾಣ ಪತ್ರ ಹೇಳುವುದು ಯಾವ ವರ್ಷ, ಯಾವ ತರಗತಿ, ಯಾವ ಊರು, ಯಾವ ಮಾಧ್ಯಮದಲ್ಲಿ ಓದಿತು ಎಂದು. ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆ ತೋರಿಸುವ ಸಾಮಾನ್ಯ ದಾರಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರುವುದು, ಜೊತೆಗೆ ಹತ್ತನೇ ತರಗತಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರುವುದು. ನಮ್ಮ ಉದಾಹರಣೆಯ ಹುಡುಗಿಗೆ ಎಂಟು ವರ್ಷ ಆಗಲೇ ಸಿಕ್ಕಿದೆ. ಅದನ್ನು ತೋರಿಸುವ ಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಅವರ ಮೇಲುರುಜು ಬೇಕು. ಶಾಲೆಯ ನೆನಪು ಹಸಿಯಾಗಿರುವಾಗಲೇ ಅದನ್ನು ಮಾಡಿಸಿಡುವುದು ಸುಲಭ.

ಇದೇ ಮಗುವನ್ನು ಐದನೇ ತರಗತಿಗೇ ಬಿಡಿಸಿದ್ದರೆ ಐದು ವರ್ಷ ಮಾತ್ರ ಲೆಕ್ಕಕ್ಕೆ ಸಿಗುತ್ತಿತ್ತು. ಮನೆಯಲ್ಲಿ ಎಷ್ಟೇ ಚೆನ್ನಾಗಿ ಕಲಿತರೂ ಆ ವರ್ಷಗಳಿಗೆ ಸಹಿ ಹಾಕುವ ಮುಖ್ಯ ಶಿಕ್ಷಕರು ಇರುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ವಿಷಯ ಇನ್ನೂ ಬಿಗಿ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ, ಹತ್ತೂ ವರ್ಷದ ವ್ಯಾಸಂಗ ಬೇಕು. ಹಳ್ಳಿಯ ಕನ್ನಡ ಶಾಲೆಯಲ್ಲಿ ಎಂಟನೇ ತರಗತಿವರೆಗೆ ಓದಿದ ಮಗುವನ್ನು ಬಿಡಿಸುವ ಮನೆಯವರು ಕೈಬಿಡುತ್ತಿರುವುದು ಏನೆಂದು ಅರಿತೇ ಬಿಡಿಸಬೇಕು. ಮುಕ್ತ ಶಾಲೆಯ ಗುಣಗಾನ ಮಾಡುವ ಮಧ್ಯವರ್ತಿಗಳು ಇದನ್ನು ಹೇಳುವುದಿಲ್ಲ. ಆರ್‌ಟಿಇ ಅಡಿ ಉಚಿತ ಸೀಟಿನಲ್ಲಿ ಓದುತ್ತಿರುವ ಮಗುವಾದರೆ, ಬಿಟ್ಟ ಸೀಟಿಗೆ ಮರಳಿ ಬರುತ್ತೇವೆಂದು ನಂಬಿ ಕೂರುವಂತಿಲ್ಲ ಎನ್ನುವುದೂ ಅಷ್ಟೇ ನಿಜ.

ಟಿಸಿ ಕೈಗೆ ಬಂದ ಕೂಡಲೇ ಶಾಲೆಯ ಬಾಗಿಲಲ್ಲೇ ನಿಂತು ಓದಿ. ಜನ್ಮ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯೇ? ಹೆಸರಿನ ಮುಂದಿನ ಇನಿಷಿಯಲ್ ಎಲ್ಲ ಕಡೆ ಒಂದೇ ಬಗೆಯಲ್ಲಿದೆಯೇ? ನಮ್ಮಲ್ಲಿ ಜನನ ಪ್ರಮಾಣ ಪತ್ರದಲ್ಲಿ ಬರೀ ಹೆಸರು, ಶಾಲೆಯಲ್ಲಿ ಊರು ಮತ್ತು ಅಪ್ಪನ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಎಂಬಂತೆ ಮೂರು ಬಗೆ ಇರುವುದು ಸಾಮಾನ್ಯ. ಎನ್‌ಐಒಎಸ್‌ನ ಆನ್‌ಲೈನ್ ಅರ್ಜಿಯಲ್ಲಿ ತುಂಬಿದ ಹೆಸರೇ ಮುಂದೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ, ಆ ಅಂಕಪಟ್ಟಿಯೇ ಜೀವನವಿಡೀ ಜನ್ಮ ದಿನಾಂಕದ ದಾಖಲೆಯಾಗುತ್ತದೆ. ಶಾಲೆಯ ದಾಖಲಾತಿ ವಹಿಯಲ್ಲಿ ತಪ್ಪಿದ್ದರೆ ಟಿಸಿ ಬರೆಯುವ ಮೊದಲೇ ತಿದ್ದುಪಡಿಗೆ ಅರ್ಜಿ ಕೊಡಬೇಕು. ಜಾತಿಯ ಕಾಲಂ ಕೂಡ ಹಾಗೆಯೇ. ಮೂಲ ಪ್ರತಿ ಯಾರಿಗೇ ಕೊಡುವ ಮುನ್ನ ಸ್ಕ್ಯಾನ್ ಮಾಡಿಡಿ, ಏಕೆಂದರೆ ನಾಳೆ ಪಿಯು ಕಾಲೇಜು ಅಥವಾ ಇನ್ನೊಂದು ಶಾಲೆ ಮೂಲ ಟಿಸಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ.

ಶಾಲೆ ಕೊಡಲು ಒಪ್ಪದಿದ್ದರೆ? ‘ಮನೆಯಲ್ಲಿ ಕಲಿಸಲು ಟಿಸಿ ಕೊಡುವ ನಿಯಮ ಇಲ್ಲ’ ಎಂಬ ಮಾತು ಬರಬಹುದು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಮುಖ್ಯ ಶಿಕ್ಷಕರು ಟಿಸಿಯನ್ನು ತಕ್ಷಣ ಕೊಡಬೇಕು, ತಡಮಾಡಿದರೆ ಶಿಸ್ತು ಕ್ರಮವಾಗಬಹುದು ಎನ್ನುತ್ತದೆ. ಆದರೆ ಅಲ್ಲಿನ ಮಾತು ಇನ್ನೊಂದು ಶಾಲೆಗೆ ಹೋಗುವ ಮಗುವಿನದು. ಹೀಗಾಗಿ ಕಾಯ್ದೆಯ ಸಾಲನ್ನು ಮುಖಕ್ಕೆ ಹಿಡಿಯುವ ಬದಲು ಎನ್‌ಐಒಎಸ್ ನೋಂದಣಿಯ ಉದ್ದೇಶವನ್ನು ಪತ್ರದಲ್ಲೇ ಬರೆದಿರುವುದು ಹೆಚ್ಚು ಕೆಲಸ ಮಾಡುತ್ತದೆ. ಬಾಕಿ ಫೀಸಿಗಾಗಿ ಟಿಸಿ ತಡೆಹಿಡಿಯುವುದು ಇನ್ನೊಂದು ಬಗೆ. ಫೀಸು ವಸೂಲಿಗೆ ಟಿಸಿಯನ್ನು ಆಯುಧ ಮಾಡಿಕೊಳ್ಳುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2024ರ ಜುಲೈಯಲ್ಲಿ ಹೇಳಿದೆ. ನಮ್ಮ ರಾಜ್ಯದ ಶಾಲೆಗೆ ಅದು ನೇರವಾಗಿ ಅನ್ವಯಿಸದಿದ್ದರೂ ದೂರಿನಲ್ಲಿ ಉಲ್ಲೇಖಿಸಬಹುದು. ದೂರು ಬಿಇಒಗೆ, ಅಲ್ಲಿ ಕೆಲಸವಾಗದಿದ್ದರೆ ಡಿಡಿಪಿಐಗೆ. ಸ್ವೀಕೃತಿ ಪಡೆದ ಪತ್ರದ ಪ್ರತಿ ಅದಕ್ಕೆ ಲಗತ್ತಾಗಬೇಕು. ಬರವಣಿಗೆಯಲ್ಲಿ ಕೇಳದ್ದಕ್ಕೆ ಇಲಾಖೆ ಉತ್ತರ ಕೊಡುವುದಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಯಾದರೆ ಮಾಹಿತಿ ಹಕ್ಕಿನಲ್ಲಿ ದಾಖಲಾತಿ ವಹಿಯ ಪುಟದ ಪ್ರತಿಯನ್ನು ಕೇಳಬಹುದು, 30 ದಿನದೊಳಗೆ ಉತ್ತರಿಸಬೇಕು.

ಚಿಕ್ಕ ಮಕ್ಕಳ ವಿಷಯ ಇಷ್ಟು ಸರಳವಲ್ಲ. 6ರಿಂದ 14ರ ನಡುವಿನ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಪಾಲಿಸದವರಿಗೆ ಇಂತಿಷ್ಟು ದಂಡ ಎಂದು ಅದೇ ಕಾಯ್ದೆ ಹೇಳುವುದಿಲ್ಲ, ಮನೆಪಾಠವನ್ನು ನೋಂದಾಯಿಸುವ ಕಚೇರಿಯೂ ಇಲ್ಲ. ಹೀಗೆ ಮಾಡುವ ಕುಟುಂಬಗಳು ಇವೆ, ಆದರೆ ಅವರು ನಿಂತಿರುವುದು ಒಪ್ಪಿಗೆಯ ಮೇಲಲ್ಲ, ಕಾನೂನಿನ ಮೌನದ ಮೇಲೆ. ಎನ್‌ಐಒಎಸ್‌ನ ಮುಕ್ತ ಮೂಲ ಶಿಕ್ಷಣದಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳಿವೆ. ಮೂರನೇ ತರಗತಿಯ ಮಗುವನ್ನು ಬಿಡಿಸುವವರು ಇಂಥದೊಂದು ಹಂತದ ಪ್ರಮಾಣ ಪತ್ರವನ್ನಾದರೂ ಗುರಿ ಮಾಡಿಕೊಂಡರೆ, ಸಿಆರ್‌ಪಿ ಬಂದು ಕೇಳಿದ ದಿನ ತೋರಿಸಲು ಒಂದು ಕಾಗದವಿರುತ್ತದೆ. ಟಿಸಿ ಅರ್ಜಿಯಲ್ಲೂ ಅದನ್ನೇ ಬರೆಯಬಹುದು.

ಎನ್‌ಐಒಎಸ್ ನೋಂದಣಿಗೆ ಯಾವ ಏಜೆಂಟರೂ ಬೇಕಿಲ್ಲ. sdmis.nios.ac.in ತಾಣದಲ್ಲಿ ಮನೆಯಿಂದಲೇ ಅರ್ಜಿ ತುಂಬಿ, ಹತ್ತಿರದ ಅಧ್ಯಯನ ಕೇಂದ್ರ ಆರಿಸಿಕೊಳ್ಳಬಹುದು. ವಿಷಯ ಆರಿಸುವಾಗ ನಿಮ್ಮ ಮಾಧ್ಯಮದಲ್ಲಿ ಆ ವಿಷಯದ ಪುಸ್ತಕ ಇದೆಯೇ ಎಂದು ಒಂದೊಂದನ್ನೇ ನೋಡಿಕೊಳ್ಳಿ. ಕನ್ನಡದಲ್ಲೇ ಎಲ್ಲವನ್ನೂ ಬರೆಯಬೇಕೆಂದಿರುವ ಮಕ್ಕಳಿಗೆ ಮೈಸೂರಿನ ಜೆಎಸ್‌ಎಸ್ ಮಹಾವಿದ್ಯಾಪೀಠ ನಡೆಸುವ ಕರ್ನಾಟಕ ಮುಕ್ತ ಶಾಲೆಯನ್ನೂ, ರಾಜ್ಯ ಮಂಡಳಿಯ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದನ್ನೂ ಹೋಲಿಸಿ ನೋಡಬೇಕು. ತುಮಕೂರಿನ ಹುಡುಗಿಗೆ ಮಾತ್ರ ಒಂದು ಕಾಗದ ಹೆಚ್ಚು ಬೇಕು: ಡಿಸ್ಲೆಕ್ಸಿಯ ಇದೆಯೆಂದು ಸರ್ಕಾರಿ ವೈದ್ಯಕೀಯ ವ್ಯವಸ್ಥೆಯಿಂದ ಪಡೆದ ಪ್ರಮಾಣ ಪತ್ರ. ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿ ಸಿಗುವುದು ಅದರ ಮೇಲೆ, ಮತ್ತು ಅದನ್ನು ಅರ್ಜಿ ತುಂಬುವಾಗಲೇ ಲಗತ್ತಿಸಬೇಕು. ತಪಾಸಣೆಗೆ ದಿನಾಂಕ ಸಿಗುವುದು ತಡವಾಗಬಹುದು. ಆದ್ದರಿಂದ ಟಿಸಿಗೆ ಅರ್ಜಿ ಕೊಟ್ಟ ವಾರವೇ ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಿ ಬರುವುದು ಒಳ್ಳೆಯದು.